ಮನೆಯಲ್ಲೇ ಹೊಲಿಗೆ ಮಾಡುವವರ ಜಾಲತಾಣ: ಮೊದಲ ಪರದೆಯಲ್ಲಿ ಏನಿರಬೇಕು?

ಪ್ರಶ್ನೆ (ಮನೆಯಲ್ಲೇ ಹೊಲಿಗೆ ಮಾಡುವ ಸದಸ್ಯೆ)

ನನ್ನ ಜಾಲತಾಣ ತೆರೆದ ಕೂಡಲೇ ಮೂರು ಚಿತ್ರಗಳು ಒಂದಾದ ಮೇಲೊಂದು ಸರಿಯುತ್ತವೆ. ಅವುಗಳ ಮೇಲೆ "ನಿಮ್ಮ ಕನಸಿನ ಉಡುಪಿಗೆ ನಮ್ಮ ಕೈಚಳಕ" ಎಂದಿದೆ, ಕೆಳಗೆ "ಇನ್ನಷ್ಟು ತಿಳಿಯಿರಿ" ಎಂಬ ಬಟನ್ ಇದೆ. ನಾನು ಮಾಡುವುದು ಮುಖ್ಯವಾಗಿ ಆಲ್ಟರೇಷನ್. ಅಳತೆ ತೆಗೆದುಕೊಳ್ಳಲು ಹತ್ತಿರದ ಮೂರು ಬಡಾವಣೆಗಳಿಗೆ ಮಾತ್ರ ಹೋಗುತ್ತೇನೆ. ಆದರೆ ಕರೆ ಮಾಡುವವರಲ್ಲಿ ಹೆಚ್ಚಿನವರು ಹೊಸ ಸೂಟ್ ಹೊಲಿಯುತ್ತೀರಾ ಎಂದೋ, ಊರಿನ ಇನ್ನೊಂದು ತುದಿಗೆ ಬರುತ್ತೀರಾ ಎಂದೋ ಕೇಳುತ್ತಾರೆ. ಮೊದಲ ಪರದೆಯನ್ನು ಹೇಗೆ ತಿದ್ದಿ ಬರೆಯಲಿ?

ಉತ್ತರ (ಜಾಲತಾಣಗಳಿಗೆ ಬರೆಯುವ ವೃತ್ತಿಯವರು)

ಆ ಎರಡು ಬಗೆಯ ಕರೆಗಳಲ್ಲೇ ನಿಮ್ಮ ಉತ್ತರದ ಮುಕ್ಕಾಲು ಪಾಲು ಇದೆ. "ಕನಸಿನ ಉಡುಪು" ಎಂದು ಓದಿದವರ ಮನಸ್ಸಿಗೆ ಹೊಸ ಬಟ್ಟೆಯೇ ಬರುತ್ತದೆ, ಪ್ಯಾಂಟಿನ ಉದ್ದ ಕಡಿಮೆ ಮಾಡಿಸುವುದು ಬರುವುದಿಲ್ಲ. ಆದ್ದರಿಂದ ಸೂಟ್ ಕೇಳುವವರನ್ನು ಕರೆತಂದಿರುವುದು ಆ ವಾಕ್ಯವೇ. ಪ್ರದೇಶದ ಬಗ್ಗೆ ಪರದೆಯಲ್ಲಿ ಒಂದಕ್ಷರವೂ ಇಲ್ಲದಿರುವಾಗ ದೂರದವರೂ ತಮಗೆ ಅನುಕೂಲವಾಗುವಂತೆಯೇ ಊಹಿಸಿಕೊಳ್ಳುತ್ತಾರೆ. ನೀವು ಕಳೆದ ಕೆಲವು ವಾರಗಳಲ್ಲಿ ಫೋನಿನಲ್ಲಿ ಮತ್ತೆ ಮತ್ತೆ ಹೇಳಬೇಕಾಗಿ ಬಂದ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲ ಪರದೆಯಲ್ಲಿ ಇರಬೇಕಾದದ್ದು ಆ ಮಾತುಗಳೇ, ಅದೂ ನೀವು ಫೋನಿನಲ್ಲಿ ಹೇಳುವ ರೀತಿಯಲ್ಲೇ.

ಶೀರ್ಷಿಕೆಯಿಂದ ಪ್ರಾರಂಭಿಸೋಣ. "ಗುಣಮಟ್ಟದ ಹೊಲಿಗೆ ಸೇವೆ" ಎಂದು ಬರೆದರೆ ಅದು ಯಾವ ಹೊಲಿಗೆಯವರಿಗೂ ಹೊಂದುತ್ತದೆ, ಹಾಗಾಗಿ ನಿಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. "ಬಟ್ಟೆ ಆಲ್ಟರೇಷನ್" ಎಂಬುದು ಉತ್ತಮ, ಆದರೆ ಇನ್ನೂ ಅರ್ಧ ಮಾತು, ಏಕೆಂದರೆ ಮನೆಯಿಂದ ಕೆಲಸ ಮಾಡುವವರ ವಿಷಯದಲ್ಲಿ ಯಾರು ಯಾರ ಮನೆಗೆ ಬರಬೇಕು ಎಂಬ ಪ್ರಶ್ನೆ ಎಲ್ಲಕ್ಕಿಂತ ಮೊದಲು ಏಳುತ್ತದೆ. ಅದನ್ನು ಶೀರ್ಷಿಕೆಯಲ್ಲೇ ಬಗೆಹರಿಸಬೇಕು. ನಾನಾಗಿದ್ದರೆ ಹೀಗೆ ಬರೆಯುತ್ತೇನೆ:

ಬಟ್ಟೆ ಆಲ್ಟರೇಷನ್. ಅಳತೆಗೆ ನಾನೇ ನಿಮ್ಮ ಮನೆಗೆ ಬರುತ್ತೇನೆ.

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ವಾಕ್ಯ:

ಪ್ಯಾಂಟಿನ ಉದ್ದ, ಸೊಂಟ, ತೋಳು, ಜಿಪ್ ಬದಲಾವಣೆ. ಮನೆಗೆ ಬರುವುದು (ಮೂರು ಬಡಾವಣೆಗಳ ಹೆಸರು) ಇಲ್ಲಿಗೆ ಮಾತ್ರ. ಬೇರೆ ಕಡೆಯವರು ಬಟ್ಟೆಯನ್ನು ತಂದುಕೊಡಬಹುದು.

"ಮಾತ್ರ" ಎಂದು ಬರೆಯಲು ಹಲವರು ಹಿಂಜರಿಯುತ್ತಾರೆ, ಗಿರಾಕಿ ಕೈತಪ್ಪಿಹೋಗಬಹುದು ಎಂಬ ಆತಂಕದಿಂದ. ಆದರೆ ನೀವು ಹೋಗಲಾರದ ಜಾಗದ ಗಿರಾಕಿ ನಿಮ್ಮ ಗಿರಾಕಿಯಾಗುವುದು ಬಟ್ಟೆ ತಂದುಕೊಟ್ಟಾಗ ಮಾತ್ರ, ಮತ್ತು ಆ ದಾರಿಯನ್ನು ಮುಂದಿನ ವಾಕ್ಯದಲ್ಲೇ ತೋರಿಸಿದ್ದೀರಿ. ಹೊಸ ಉಡುಪು ಹೊಲಿಯುವುದಿಲ್ಲ ಎಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ. ಮಾಡುವ ಕೆಲಸಗಳನ್ನು ಹೆಸರಿಸಿದರೆ ಮಾಡದಿರುವುದು ತಾನಾಗಿಯೇ ತಿಳಿಯುತ್ತದೆ.

ಇನ್ನು ಬಟನ್. "ಇನ್ನಷ್ಟು ತಿಳಿಯಿರಿ" ಎಂಬುದು ಓದುಗರಿಗೆ ಮತ್ತಷ್ಟು ಓದುವ ಕೆಲಸವನ್ನು ಕೊಡುತ್ತದೆಯೇ ಹೊರತು ಅವರ ಬಟ್ಟೆಯ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆಲ್ಟರೇಷನ್‌ನಲ್ಲಿ ಮೊದಲು ನೀವು ಬಟ್ಟೆಯನ್ನು ನೋಡಬೇಕು, ಆದ್ದರಿಂದ ಬಟನ್ ಮೇಲೆ "ಬಟ್ಟೆಯ ಫೋಟೊ ಕಳುಹಿಸಿ" ಎಂದಿರಲಿ. ಒತ್ತಿದ ಮೇಲೆ ಏನಾಗುತ್ತದೆ ಎಂಬುದನ್ನು ಅದರ ಕೆಳಗೆ ಒಂದು ಸಾಲಿನಲ್ಲಿ ಹೇಳಿ: "ಫೋಟೊ ನೋಡಿ, ದರವನ್ನೂ ಬರಬಹುದಾದ ದಿನವನ್ನೂ ಅದೇ ಸಂಜೆ ತಿಳಿಸುತ್ತೇನೆ."

ಬಟನ್‌ಗೆ ವಾಟ್ಸ್ಆ್ಯಪ್ ಕೊಂಡಿಯನ್ನು ಕೊಡುವುದಾದರೆ ಒಂದು ಮಿತಿ ನೆನಪಿರಲಿ. ಆ ಕೊಂಡಿ ಮೊದಲೇ ಬರೆದಿಟ್ಟ ಸಂದೇಶವನ್ನು ತೆರೆಯಬಲ್ಲದು, ಆದರೆ ಫೋಟೊವನ್ನು ತಾನೇ ಸೇರಿಸಲಾರದು. ಅದನ್ನು ಗಿರಾಕಿಯೇ ಸೇರಿಸಬೇಕಾದ್ದರಿಂದ, ಸಂದೇಶವು ಅದನ್ನು ನೆನಪಿಸುವಂತೆಯೂ ಬಡಾವಣೆಯ ಹೆಸರನ್ನು ಕೇಳುವಂತೆಯೂ ಇರಲಿ:

```
<a href="https://wa.me/NUMBER?text=ಫೋಟೊ%20ಸೇರಿಸಿದ್ದೇನೆ.%20ಆಗಬೇಕಾದ%20ಕೆಲಸ:%20%20ಬಡಾವಣೆ:">
ಬಟ್ಟೆಯ ಫೋಟೊ ಕಳುಹಿಸಿ</a>
```

`NUMBER` ಇರುವ ಜಾಗದಲ್ಲಿ ದೇಶದ ಸಂಕೇತದೊಂದಿಗೆ ನಿಮ್ಮ ಸಂಖ್ಯೆಯನ್ನು ಬರೆಯಿರಿ. ಪ್ಲಸ್ ಚಿಹ್ನೆ, ಮೊದಲಿನ ಸೊನ್ನೆ, ನಡುವಿನ ಗೆರೆ ಯಾವುದೂ ಬೇಡ. ಇವುಗಳಲ್ಲಿ ಒಂದು ಉಳಿದರೂ ಕೊಂಡಿ ಕೆಲಸ ಮಾಡದೆ ಹೋಗಬಹುದು, ಮತ್ತು ಅದು ನಿಮಗೆ ತಿಳಿಯುವುದು ಸಂದೇಶಗಳು ಬರದೇ ಇದ್ದಾಗ ಮಾತ್ರ. ಹಾಕಿದ ದಿನವೇ ಬೇರೆಯವರ ಫೋನಿನಿಂದ ಒಮ್ಮೆ ಒತ್ತಿ ನೋಡಿ.

ಒಬ್ಬ ವಿನ್ಯಾಸಕರು

ಬರಹದ ಬಗ್ಗೆ ಒಪ್ಪುತ್ತೇನೆ, ಆದರೆ ಹೊಲಿಗೆಯಂಥ ಕಣ್ಣಿಗೆ ಕಾಣುವ ಕೆಲಸಕ್ಕೆ ಚಿತ್ರವೇ ಮುಖ್ಯ. ಸರಿಯುವ ಚಿತ್ರಗಳನ್ನು ತೆಗೆಯಬೇಡಿ, ಅವುಗಳ ಮೇಲೆಯೇ ಈ ಹೊಸ ವಾಕ್ಯಗಳನ್ನು ಬರೆಸಿ. ಜೊತೆಗೆ ಮೂರು ಬಡಾವಣೆ ಸಾಲದು. ಸುತ್ತಲಿನ ಇಪ್ಪತ್ತು ಹೆಸರುಗಳನ್ನಾದರೂ ಹಾಕಿದರೆ ಗೂಗಲ್ ಹುಡುಕಾಟದಲ್ಲಿ ಮೇಲೆ ಬರುತ್ತೀರಿ.

ಉತ್ತರ (ಜಾಲತಾಣಗಳಿಗೆ ಬರೆಯುವ ವೃತ್ತಿಯವರು)

ಚಿತ್ರ ಬೇಕು ಎಂಬಲ್ಲಿ ನಿಮ್ಮ ಮಾತು ಸರಿ, ಆದರೆ ಒಂದೇ ಚಿತ್ರ ಸಾಕು. ಅದು ಆಲ್ಟರೇಷನ್‌ನದ್ದೇ ಆಗಿರಲಿ: ಒಂದೇ ಪ್ಯಾಂಟು, ಮೊದಲು ಹಿಮ್ಮಡಿಯ ಹತ್ತಿರ ನೆರಿಗೆಗಟ್ಟಿದ್ದು, ಆಮೇಲೆ ಸರಿಯಾದ ಉದ್ದಕ್ಕೆ ನಿಂತಿದ್ದು. ಸರಿಯುವ ಚಿತ್ರಗಳಲ್ಲಿ ಎರಡನೆಯದು ಬರುವ ಹೊತ್ತಿಗೆ ಓದುಗರು ಕೆಳಗೆ ಸರಿದಿರುತ್ತಾರೆ, ಇಲ್ಲವೇ ಹೊರಟುಹೋಗಿರುತ್ತಾರೆ. ಸೇವೆ ಮೊದಲ ಚಿತ್ರದಲ್ಲಿದ್ದು ಪ್ರದೇಶ ಮೂರನೆಯದರಲ್ಲಿದ್ದರೆ ಪ್ರದೇಶವನ್ನು ಬರೆಯದಂತೆಯೇ. ಬರಹವನ್ನು ಚಿತ್ರದೊಳಗೇ ಮುದ್ರಿಸಿದರೆ ಫೋನಿನಲ್ಲಿ ಅದೂ ಚಿತ್ರದೊಂದಿಗೆ ಕುಗ್ಗುತ್ತದೆ, ಮತ್ತು ಪರದೆಯನ್ನು ಓದಿಸಿ ಕೇಳುವವರಿಗೆ ಅದು ತಲುಪುವ ಖಾತ್ರಿ ಇಲ್ಲ. ಬರಹ ಬರಹವಾಗಿಯೇ ಇರಲಿ, ಚಿತ್ರ ಅದರ ಕೆಳಗೆ ಬರಲಿ.

ಇಪ್ಪತ್ತು ಹೆಸರುಗಳಿಗೆ ಜಾಗ ಬೇರೆ ಇದೆ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಸೇವೆ ನೀಡುವ ಪ್ರದೇಶಗಳೆಂದು 20ರವರೆಗೆ ಹೆಸರುಗಳನ್ನು ಸೇರಿಸಬಹುದು. ಆದರೆ ಅಲ್ಲಿಯೂ ನಿಜವಾಗಿ ಹೋಗುವ ಜಾಗಗಳನ್ನೇ ಬರೆಯಬೇಕು, ಇಲ್ಲದಿದ್ದರೆ ಈಗ ಬರುತ್ತಿರುವ ದೂರದ ಕರೆಗಳೇ ಇನ್ನೂ ಹೆಚ್ಚಾಗುತ್ತವೆ. ಮೊದಲ ಪರದೆಯಲ್ಲಿ ಇಪ್ಪತ್ತು ಹೆಸರುಗಳ ರಾಶಿ ಬಿದ್ದರೆ ಅದನ್ನು ಯಾರೂ ಓದುವುದಿಲ್ಲ, ಬಟನ್ ಕೂಡ ಕಣ್ಣಿಗೆ ಬೀಳದಷ್ಟು ಕೆಳಗೆ ಹೋಗುತ್ತದೆ.

ಹೊಲಿಗೆ ಕಲಿಸುವ ಸದಸ್ಯೆ

ನಾನು ವಿಡಿಯೊ ಕರೆಯ ಮೂಲಕ ಹೊಲಿಗೆ ತರಗತಿ ನಡೆಸುತ್ತೇನೆ. ಪ್ರದೇಶದ ಹೆಸರು ಹಾಕಿದ್ದರಿಂದ ಬೇರೆ ಊರಿನವರು ತಮಗಲ್ಲವೆಂದು ತಿಳಿದು ಸೇರಲಿಲ್ಲ; ತೆಗೆದ ಮೇಲೆ ಸೇರತೊಡಗಿದರು. ಆದ್ದರಿಂದ ನೀವೂ ಹೆಸರು ಹಾಕದಿರುವುದೇ ಒಳ್ಳೆಯದು ಎಂದು ನನಗನ್ನಿಸುತ್ತದೆ.

ಉತ್ತರ (ಜಾಲತಾಣಗಳಿಗೆ ಬರೆಯುವ ವೃತ್ತಿಯವರು)

ನಿಮ್ಮ ಪಾಠ ಎಲ್ಲಿಗೆ ಬೇಕಾದರೂ ತಲುಪುತ್ತದೆ, ಹಾಗಾಗಿ ನಿಮ್ಮ ನಿರ್ಧಾರ ನಿಮಗೆ ಸರಿಯಾಗಿದೆ. ಇವರು ಟೇಪು ಹಿಡಿದು ಖುದ್ದಾಗಿ ಹೋಗಬೇಕಾದ್ದರಿಂದ ಇಲ್ಲಿ ದೂರವೇ ಮಿತಿ.

ಪ್ರಶ್ನೆ ಕೇಳಿದ ಸದಸ್ಯೆ

ಎಲ್ಲರಿಗೂ ಧನ್ಯವಾದಗಳು. ಎರಡು ಸಂದೇಹಗಳಿವೆ. ಮನೆಯ ವಿಳಾಸವನ್ನು ಎಲ್ಲರಿಗೂ ಕಾಣುವಂತೆ ಹಾಕಲು ನನಗೆ ಇಷ್ಟವಿಲ್ಲ, ಆದರೆ "ತಂದುಕೊಡಬಹುದು" ಎಂದ ಮೇಲೆ ವಿಳಾಸ ಇಲ್ಲದಿದ್ದರೆ ಹೇಗೆ? ಎರಡನೆಯದಾಗಿ, ಹೊಸ ಶೀರ್ಷಿಕೆ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತಿದೆ, ಆದರೆ ಫೋನಿನಲ್ಲಿ ಐದು ಸಾಲಾಗಿ ಒಡೆದು ಬಟನ್ ಕೆಳಗೆ ಹೋಗಿದೆ.

ಉತ್ತರ (ಜಾಲತಾಣಗಳಿಗೆ ಬರೆಯುವ ವೃತ್ತಿಯವರು)

ವಿಳಾಸ ಬೇಡ. ಬಡಾವಣೆಯ ಹೆಸರನ್ನೂ ಹತ್ತಿರದ ಎಲ್ಲರಿಗೂ ಗೊತ್ತಿರುವ ಒಂದು ಗುರುತನ್ನೂ ಹೇಳಿ, "ಸಮಯ ನಿಗದಿಯಾದ ಮೇಲೆ ಪೂರ್ಣ ವಿಳಾಸ ಕಳುಹಿಸುತ್ತೇನೆ" ಎಂದು ಸೇರಿಸಿದರೆ ಸಾಕು. ಇದರಿಂದ ಹೇಳದೆ ಕೇಳದೆ ಬಾಗಿಲಿಗೆ ಬರುವವರೂ ಕಡಿಮೆಯಾಗುತ್ತಾರೆ. ಗೂಗಲ್ ಪ್ರೊಫೈಲ್‌ನಲ್ಲಿಯೂ ವಿಳಾಸವನ್ನು ಮರೆಮಾಡಿ ಪ್ರದೇಶವನ್ನಷ್ಟೇ ತೋರಿಸಬಹುದು.

ಫೋನಿನ ತೊಂದರೆಗೆ ಕಾರಣ ಅಕ್ಷರದ ಗಾತ್ರ. ನಮ್ಮ ಪದಗಳು ಪ್ರತ್ಯಯಗಳನ್ನು ಕೂಡಿಸಿಕೊಂಡು ಉದ್ದವಾಗುತ್ತವೆ. 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಶೀರ್ಷಿಕೆ 40 ಪಿಕ್ಸೆಲ್ ಇದ್ದರೆ "ತೆಗೆದುಕೊಳ್ಳುತ್ತೇನೆ" ಎಂಬಂಥ ಒಂದೇ ಪದ ಒಂದು ಸಾಲನ್ನು ನುಂಗಿಬಿಡುತ್ತದೆ. ಫೋನಿಗೆ 26 ಅಥವಾ 28ಕ್ಕೆ ಇಳಿಸಿ. ಆಗಲೂ ಮೂರು ಸಾಲು ಮೀರಿದರೆ ಗಾತ್ರವನ್ನು ಇನ್ನೂ ಇಳಿಸಬೇಡಿ, ವಾಕ್ಯವನ್ನೇ ಕತ್ತರಿಸಿ: "ಬಟ್ಟೆ ಆಲ್ಟರೇಷನ್, ಮನೆಗೇ ಬಂದು ಅಳತೆ". ಶೀರ್ಷಿಕೆಯ ಮೇಲಿರುವ ಲಾಂಛನ ದೊಡ್ಡದಾಗಿದ್ದರೆ ಅದನ್ನೂ ಚಿಕ್ಕದು ಮಾಡಿ, ಅಲ್ಲಿ ಎರಡು ಸಾಲಿನಷ್ಟು ಜಾಗ ಸಿಕ್ಕೀತು.

ಆಮೇಲೆ ನಿಮ್ಮ ಕೆಲಸದ ಪರಿಚಯವಿಲ್ಲದ ಒಬ್ಬರ ಕೈಗೆ ಫೋನು ಕೊಟ್ಟು, ಪುಟವನ್ನು ಸರಿಸಲು ಬಿಡದೆ ಐದು ಸೆಕೆಂಡು ತೋರಿಸಿ ಹಿಂದಕ್ಕೆ ಪಡೆಯಿರಿ. ಇವರು ಏನು ಮಾಡಿಕೊಡುತ್ತಾರೆ, ಯಾವ ಕಡೆ ಬರುತ್ತಾರೆ, ನಿಮಗೆ ಬೇಕಾದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿ. ಅವರು ತಡವರಿಸಿದ ಜಾಗದಲ್ಲೇ ಇನ್ನೊಂದು ಸಲ ತಿದ್ದಬೇಕು.

ಆಲ್ಟರೇಷನ್ ಅಂಗಡಿ ನಡೆಸಿದ ಹಿರಿಯ ಟೈಲರ್

ಒಂದು ಆಕ್ಷೇಪವಿದೆ. ಫೋಟೊ ನೋಡಿ ದರ ಹೇಳುತ್ತೇನೆ ಎಂಬ ಮಾತನ್ನು ಕೊಡಬೇಡಿ, ತಾಯಿ. ಬಿಗಿ ಮಾಡುವ ಕೆಲಸವನ್ನು ಫೋಟೊದಿಂದ ಬಹುಮಟ್ಟಿಗೆ ಅಂದಾಜಿಸಬಹುದು, ಆದರೆ ಸಡಿಲ ಮಾಡುವುದಾದರೆ ಒಳಗೆ ಮಾರ್ಜಿನ್ ಎಷ್ಟು ಬಿಟ್ಟಿದ್ದಾರೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ, ಅದು ಹೊರಗಿನ ಫೋಟೊದಲ್ಲಿ ಕಾಣುವುದಿಲ್ಲ. ಮಾರ್ಜಿನ್ ಇದ್ದರೂ ಹಳೆಯ ಬಟ್ಟೆಯಲ್ಲಿ ಬಿಚ್ಚಿದ ಗೆರೆ ಹಾಗೆಯೇ ಉಳಿದುಬಿಡುತ್ತದೆ. ಸಡಿಲ ಮಾಡಿಸುವವರು ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಇನ್ನೊಂದು ಫೋಟೊ ಕಳುಹಿಸಬೇಕು. ಪ್ಯಾಂಟಿನ ಉದ್ದವನ್ನಂತೂ ಅದರೊಂದಿಗೆ ಹಾಕುವ ಶೂ ತೊಟ್ಟು ನಿಂತಾಗಲೇ ಗುರುತು ಮಾಡಬೇಕು.

ಉತ್ತರ (ಜಾಲತಾಣಗಳಿಗೆ ಬರೆಯುವ ವೃತ್ತಿಯವರು)

ಇದು ನನಗೆ ಹೊಳೆಯದ ವಿಷಯ, ಬಹಳ ಉಪಕಾರವಾಯಿತು. ಹಾಗಾದರೆ ಬಟನ್ ಕೆಳಗಿನ ಸಾಲು ಹೀಗಿರಲಿ: "ಫೋಟೊ ನೋಡಿ ಅಂದಾಜು ದರವನ್ನೂ ಬರುವ ದಿನವನ್ನೂ ಅದೇ ಸಂಜೆ ತಿಳಿಸುತ್ತೇನೆ, ಬಟ್ಟೆ ನೋಡಿದ ಮೇಲೆ ದರ ಖಚಿತ." ಒಳಮೈಯ ಫೋಟೊ, ಶೂ ಇವೆಲ್ಲ ಮೊದಲ ಪರದೆಗೆ ಭಾರವಾಗುತ್ತವೆ, ಗಿರಾಕಿಯ ಸಂದೇಶ ಬಂದ ಮೇಲೆ ನೀವು ಕಳುಹಿಸುವ ಮೊದಲ ಮರುಸಂದೇಶದಲ್ಲಿ ಅವು ಇರಲಿ.

ಹಿರಿಯ ಟೈಲರ್

ಅಷ್ಟಾದರೆ ಸರಿ. ಆದರೆ ಫೋಟೊ ಕಳುಹಿಸಲು ಬಾರದ ವಯಸ್ಸಾದವರೂ ಆಲ್ಟರೇಷನ್‌ಗೆ ಬರುತ್ತಾರೆ. ಕರೆ ಮಾಡುವ ಸಂಖ್ಯೆಯೂ ಅದೇ ಪರದೆಯಲ್ಲಿ ಅಷ್ಟೇ ದೊಡ್ಡದಾಗಿ ಇರಬೇಕೆಂಬುದು ನನ್ನ ಅಭಿಪ್ರಾಯ.

ಉತ್ತರ (ಜಾಲತಾಣಗಳಿಗೆ ಬರೆಯುವ ವೃತ್ತಿಯವರು)

ಸಂಖ್ಯೆ ಇರಲಿ, ಅದಕ್ಕೆ `tel:` ಕೊಂಡಿಯೂ ಇರಲಿ, ಒತ್ತಿದರೆ ಕರೆ ಹೋಗುವಂತೆ. ಅಷ್ಟೇ ದೊಡ್ಡದಾಗಿ ಬೇಕೆಂಬುದನ್ನು ಮಾತ್ರ ನಾನು ಒಪ್ಪಲಾರೆ, ಏಕೆಂದರೆ ಸಮಾನವಾದ ಎರಡು ಬಟನ್‌ಗಳಿದ್ದರೆ ಫೋಟೊ ಕಳುಹಿಸಬಲ್ಲವರೂ ಕರೆಯನ್ನೇ ಮಾಡುತ್ತಾರೆ, ಇವರು ಮಿಷನ್ ನಿಲ್ಲಿಸಿ ಏಳಬೇಕಾಗುತ್ತದೆ.

ಹಿರಿಯ ಟೈಲರ್

ಮಿಷನ್ ನಿಲ್ಲಿಸಿ ಫೋನ್ ಎತ್ತುವುದೂ ನಮ್ಮ ಕೆಲಸದ ಭಾಗವೇ.

ಪ್ರಶ್ನೆ ಕೇಳಿದ ಸದಸ್ಯೆ

ಸದ್ಯಕ್ಕೆ ಫೋಟೊದ ಬಟನ್ ದೊಡ್ಡದಾಗಿಯೂ, ಅದರ ಕೆಳಗೆ "ಕರೆ ಮಾಡಲು, ಸಂಜೆ 4ರಿಂದ 7" ಎಂಬ ಸಾಲಿನೊಂದಿಗೆ ಸಂಖ್ಯೆಯನ್ನೂ ಹಾಕುತ್ತಿದ್ದೇನೆ. ಹಗಲಿನಲ್ಲಿಯೂ ಕರೆಗಳು ಬರುತ್ತಲೇ ಇದ್ದರೆ ಮತ್ತೆ ಇಲ್ಲಿಯೇ ಕೇಳುತ್ತೇನೆ.