ಬಾಟಲಿಗೆ ಎಣ್ಣೆ ಹಚ್ಚಿದರೂ ಲೇಬಲ್ ಅಂಟು ಹೋಗುತ್ತಿಲ್ಲ, ಪ್ಲಾಸ್ಟಿಕ್ ಡಬ್ಬಿ ಬೆಳ್ಳಗಾಗಿದೆ. ಏನು ಮಾಡಲಿ?

ಮಿಡಿಉಪ್ಪಿನಕಾಯಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಪರಿಚಯದವರಿಗೆ ಕೊಡುತ್ತೇನೆ. ಖಾಲಿಯಾದ ಜೇನು, ಜಾಮ್ ಬಾಟಲಿಗಳನ್ನು ಅಕ್ಕಪಕ್ಕದವರು ತಂದುಕೊಡುತ್ತಾರೆ, ಈಗ ಸುಮಾರು 40 ಇವೆ. ರಾತ್ರಿಯಿಡೀ ಸೋಪಿನ ನೀರಲ್ಲಿ ನೆನೆಹಾಕಿದೆ. ಅರ್ಧದಷ್ಟು ಬಾಟಲಿಗಳ ಲೇಬಲ್ ತಾನಾಗಿಯೇ ಜಾರಿಹೋಯಿತು. ಉಳಿದವುಗಳಲ್ಲಿ ಕಾಗದ ಹೋಗಿ ಅಂಟು ಮಾತ್ರ ಹಾಗೇ ಇದೆ. ಕೊಬ್ಬರಿ ಎಣ್ಣೆ ಹಚ್ಚಿ ಒಂದು ಗಂಟೆ ಬಿಟ್ಟು ಉಜ್ಜಿದೆ. ಕೆಲವು ಸ್ವಚ್ಛವಾದವು. ಏಳೆಂಟು ಬಾಟಲಿಗಳಲ್ಲಿ ಅಂಟು ಅಲುಗಲೇ ಇಲ್ಲ, ಎಣ್ಣೆಯ ಜಿಡ್ಡು ಬೇರೆ ಸೇರಿಕೊಂಡಿತು.

ಇನ್ನೊಂದು ಬೇಜಾರಿನ ವಿಷಯ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದರ ಮೇಲೆ ಬೆಲೆಯ ಸ್ಟಿಕ್ಕರ್ ಇತ್ತು. ಅದರ ಅಂಟಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿದೆ. ಅಂಟು ಹೋಯಿತು, ಆದರೆ ಆ ಜಾಗ ಮಂಜು ಕವಿದಂತೆ ಬೆಳ್ಳಗಾಗಿದೆ. ಮತ್ತೆ ಹೊಳಪು ಬರುತ್ತದೆಯೇ? ಮದುವೆಯಲ್ಲಿ ಬಂದ ಸ್ಟೀಲ್ ಡಬ್ಬಗಳ ಸ್ಟಿಕ್ಕರ್ ಕೂಡ ಬಾಕಿ ಇದೆ, ಅದನ್ನು ಮುಟ್ಟಲು ಭಯವಾಗುತ್ತಿದೆ.

ಧಾರವಾಡದಾಂವ

ಅಕ್ಕಾರ, ಇಷ್ಟಕ್ಕ ಯಾಕ್ ತಲಿ ಕೆಡಿಸ್ಕೋತೀರಿ? ಸೀಮೆಎಣ್ಣಿ ತಗೊಂಡು ಅರಿವಿಲೆ ಒರಸ್ರಿ, ಎರಡ ನಿಮಿಷದಾಗ ಹೋಗತೈತಿ. ನಮ್ಮ ಅಂಗಡ್ಯಾಗ 20 ವರ್ಷದಿಂದ ಅದನ್ನ ಮಾಡತೀವಿ. ಗಾಜು, ಸ್ಟೀಲು, ಪ್ಲಾಸ್ಟಿಕ್ಕು ಎಲ್ಲಾದಕ್ಕೂ ನಡೀತೈತಿ. ಸೀಮೆಎಣ್ಣಿ ಸಿಗದಿದ್ರ ಪೆಟ್ರೋಲ್.

ಕರಾವಳಿ_ಕಿಟಕಿ

ಕಿಟಕಿ ಗಾಜಿನ ಅಂಟಿಗೆ ಬ್ಲೇಡ್ ಬಿಟ್ಟರೆ ಬೇರೆ ದಾರಿ ಇಲ್ಲ ಮಾರ್ರೆ. ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಅಂಟಿಸಿದ ಕಂದು ಟೇಪು ಎರಡು ಬೇಸಿಗೆ ಹಾಗೇ ಉಳಿದು ಕಲ್ಲಿನಂತಾಗಿತ್ತು. ನಿಮ್ಮದು ಯಾವ ದಿಕ್ಕಿನ ಕಿಟಕಿ? ಪಶ್ಚಿಮದ ಬಿಸಿಲು ಬೀಳುತ್ತದಾ?

ಮಿಡಿಉಪ್ಪಿನಕಾಯಿ (ಶಿರಸಿ)

ಕಿಟಕಿ ಅಲ್ಲ ಸರ್, ಬಾಟಲಿ. ಸೀಮೆಎಣ್ಣೆ ಹೇಳಿದವರಿಗೆ ಧನ್ಯವಾದ. ಆದರೆ ಇದರಲ್ಲಿ ತಿನ್ನುವ ಪದಾರ್ಥ ತುಂಬಬೇಕು, ವಾಸನೆ ಉಳಿದರೆ ಇಡೀ ಬಾಟಲಿ ಉಪ್ಪಿನಕಾಯಿ ಹಾಳು.

ಲೇಬಲ್_ಪ್ರೆಸ್ (ಪೀಣ್ಯ)

ಮೇಡಂ, 14 ವರ್ಷ ಲೇಬಲ್ ಛಾಪಿಸುವ ಪ್ರೆಸ್ಸಿನಲ್ಲಿ ಕೆಲಸ ಮಾಡಿದ್ದೇನೆ. ನೀವು ಬರೆದಿದ್ದರಲ್ಲೇ ಉತ್ತರ ಇದೆ. ಕೆಲವು ನೀರಿಗೆ ಹೋದವು, ಕೆಲವು ಎಣ್ಣೆಗೆ ಹೋದವು, ಕೆಲವು ಎರಡಕ್ಕೂ ಜಗ್ಗಲಿಲ್ಲ. ಅಂದರೆ ನಿಮ್ಮ ಮುಂದೆ ಮೂರು ಜಾತಿಯ ಅಂಟು ಇದೆ. ಗಾಜೋ ಸ್ಟೀಲೋ ಎಂಬುದಕ್ಕಿಂತ ಮೊದಲು ನೋಡಬೇಕಾದ್ದು ಅಂಟು ಯಾವುದು ಎಂದು.

ನೀರಿಗೆ ಬಿಟ್ಟುಕೊಂಡದ್ದು ಗಂಜಿಯಂಥ ಗೋಂದು. ಅದರ ಕಥೆ ಮುಗಿಯಿತು.

ಎಣ್ಣೆಗೆ ಕರಗಿದ್ದು ರಬ್ಬರ್ ಅಂಟು. ರಬ್ಬರಿಗೆ ರಾಳ ಬೆರೆಸಿ ಮಾಡಿರುತ್ತಾರೆ, ಎರಡೂ ಎಣ್ಣೆಯ ಸ್ನೇಹಿತರು. ಎಣ್ಣೆ ಒಳಗಿಳಿದು ಅಂಟನ್ನು ಊದಿಸಿ ಮೆತ್ತಗೆ ಮಾಡುತ್ತದೆ, ಬೆರಳಲ್ಲಿ ಉಜ್ಜಿದರೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಸೀಮೆಎಣ್ಣೆ ಕೆಲಸ ಮಾಡುವುದೂ ಇದೇ ಕಾರಣಕ್ಕೆ.

ಜಗ್ಗದೆ ಉಳಿದ ಏಳೆಂಟು ಬಹುತೇಕ ಆಕ್ರಿಲಿಕ್ ಅಂಟು. ಅದಕ್ಕೆ ಅಡುಗೆ ಎಣ್ಣೆಯ ಹಂಗಿಲ್ಲ, ಎಷ್ಟು ಹೊತ್ತು ಬಿಟ್ಟರೂ ಅಷ್ಟೇ. ಅದಕ್ಕೆ ಬೇಕಾದ್ದು ಸ್ಪಿರಿಟ್. ಖಾತ್ರಿ ಮಾಡಿಕೊಳ್ಳಲು ಒಂದು ಬಾಟಲಿಯ ಜಿಡ್ಡನ್ನು ಸೋಪಿನಲ್ಲಿ ತೊಳೆದು ಒರಸಿ, ಉಗುರಗಲ ಜಾಗದ ಮೇಲೆ ಒದ್ದೆ ಹತ್ತಿ 10 ನಿಮಿಷ ಇಡಿ. ಅಂಟು ಹಾಲಿನ ಕೆನೆಯಂತೆ ಬೆಳ್ಳಗಾಗಿ, ಒಣಗಿದಾಗ ಮತ್ತೆ ಪಾರದರ್ಶಕವಾದರೆ ಆಕ್ರಿಲಿಕ್ ಇರುವ ಸಾಧ್ಯತೆ ಹೆಚ್ಚು. ಎಲ್ಲಾ ಆಕ್ರಿಲಿಕ್ಕೂ ಹೀಗೆ ಬೆಳ್ಳಗಾಗುವುದಿಲ್ಲ, ಹಾಗಾಗಿ ಬೆಳ್ಳಗಾಗದಿದ್ದರೂ ಸ್ಪಿರಿಟ್ ಪರೀಕ್ಷೆ ಬಿಡಬೇಡಿ.

ಮೆಡಿಕಲ್ ಶಾಪಿನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಸಾಕು. ಆದರೆ ಅದು ಅಂಟಿಗೆ ಇಳಿಯುವ ಮೊದಲೇ ಆರಿಹೋಗುತ್ತದೆ, ಜನ ಸೋಲುವುದು ಇಲ್ಲೇ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅಂಟಿನ ಮೇಲಿಟ್ಟು, ಮೇಲಿಂದ ಪ್ಲಾಸ್ಟಿಕ್ ಹಾಳೆ ಸುತ್ತಿ 10 ನಿಮಿಷ ಬಿಡಿ. ಮನೆಯಲ್ಲಿ ಜೆಲ್ ಸ್ಯಾನಿಟೈಸರ್ ಉಳಿದಿದ್ದರೆ ಇನ್ನೂ ಸುಲಭ. ಅದರಲ್ಲಿರುವುದೂ ಆಲ್ಕೋಹಾಲೇ, ಜೆಲ್ ಆದ್ದರಿಂದ ಬಾಟಲಿಯ ಮೈಮೇಲೆ ಜಾರದೆ ನಿಲ್ಲುತ್ತದೆ. ಆಮೇಲೆ ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಒಂದೇ ದಿಕ್ಕಿಗೆ ತಳ್ಳಿ. ಅಂಟು ಕರಗಿ ನೀರಾಗುತ್ತದೆ ಎಂದು ಕಾಯಬೇಡಿ, ಹಿಡಿತ ಬಿಟ್ಟು ಪದರವಾಗಿ ಏಳುತ್ತದೆ. ಹಿಂದೆ ಮುಂದೆ ಉಜ್ಜಿದರೆ ಅದೇ ಅಂಟು ಪಕ್ಕಕ್ಕೆ ಬಳಿದುಕೊಳ್ಳುತ್ತದೆ. ಕಿಟಕಿ ತೆರೆದಿಡಿ, ಒಲೆಯ ಹತ್ತಿರ ಬೇಡ.

ಧಾರವಾಡದಾಂವ

ಸರ್, ನಮ್ಮಲ್ಲಿ ಸೀಮೆಎಣ್ಣಿಲೆ ಎಲ್ಲಾ ಹೋಗತಾವಲ್ರಿ? ಆಕ್ರಿಲಿಕ್ ಅಂತ ನಾವ್ ಯಾವತ್ತೂ ನೋಡೇ ಇಲ್ಲ.

ಲೇಬಲ್_ಪ್ರೆಸ್ (ಪೀಣ್ಯ)

ನಿಮ್ಮ ಅಂಗಡಿಯ ಸಾಮಾನು ಯಾವುದು ಅಣ್ಣಾ? ಪಾತ್ರೆ, ಹಾರ್ಡ್‌ವೇರ್ ಆಗಿದ್ದರೆ ಸ್ಟಿಕ್ಕರ್‌ಗಳು ಹೆಚ್ಚಾಗಿ ರಬ್ಬರ್ ಅಂಟಿನವೇ ಇದ್ದಿರಬಹುದು, ಆಗ ನಿಮ್ಮ ಮಾತು ಸರಿ. ಗಾಜು, ಸ್ಟೀಲಿಗೆ ಸೀಮೆಎಣ್ಣೆಯಿಂದ ಹಾನಿಯೂ ಇಲ್ಲ. ಪ್ಲಾಸ್ಟಿಕ್ಕಿಗೆ ಮಾತ್ರ ನಾನು ಒಪ್ಪುವುದಿಲ್ಲ. ಪೆಟ್ರೋಲನ್ನಂತೂ ಮನೆಯೊಳಗೆ ತರಲೇಬೇಡಿ, ಅದರ ಆವಿ ನೆಲದಲ್ಲೇ ಹರಿದುಹೋಗಿ ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ.

ಹಳೇರೇಡಿಯೋ

ಪ್ಲಾಸ್ಟಿಕ್ ವಿಷಯಕ್ಕೆ ನನ್ನದೊಂದು ಅನುಭವ. ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳನ್ನು ರಿಪೇರಿ ಮಾಡುವ ಹವ್ಯಾಸ ನನಗಿದೆ. ಒಂದರ ಡಯಲಿನ ಪಾರದರ್ಶಕ ಕವಚದ ಮೇಲೆ ಟೇಪಿನ ಅಂಟಿತ್ತು. ಪೆಟ್ರೋಲ್ ಹತ್ತಿಯಲ್ಲಿ ಒರಸಿದೆ, ಆ ಹೊತ್ತಿಗೆ ಕನ್ನಡಿಯಂತೆ ಸ್ವಚ್ಛವಾಯಿತು. ಮೂರನೇ ದಿನ ಸ್ಕ್ರೂ ರಂಧ್ರದ ಸುತ್ತ ಕೂದಲೆಳೆಯಂಥ ಬಿರುಕು ಕಂಡವು, ವಾರದಲ್ಲಿ ಮೂಲೆ ಮುರಿದು ಕೈಗೆ ಬಂತು. ಆ ಮಾದರಿಯ ಕವಚ ಮತ್ತೆ ಸಿಕ್ಕಿಲ್ಲ. ಇನ್ನೂ ಹುಡುಕುತ್ತಿದ್ದೇನೆ.

ಲೇಬಲ್_ಪ್ರೆಸ್ (ಪೀಣ್ಯ)

ನಾನು ಹೇಳಬೇಕೆಂದಿದ್ದು ಇದನ್ನೇ. ಸ್ಕ್ರೂ ಬಿಗಿದ ಜಾಗದಲ್ಲಿ, ಅಚ್ಚಿನ ಮೂಲೆಯಲ್ಲಿ ಪ್ಲಾಸ್ಟಿಕ್ ಒಳಗೊಳಗೇ ಬಿಗಿದುಕೊಂಡಿರುತ್ತದೆ. ಅಲ್ಲಿಗೆ ದ್ರಾವಕ ಇಳಿದರೆ ಬಿರುಕು ಬಿಡುತ್ತದೆ, ಅದು ಆ ಕ್ಷಣಕ್ಕೆ ಕಾಣುವುದಿಲ್ಲ.

ಮೇಡಂ, ನಿಮ್ಮ ಡಬ್ಬಿಯಲ್ಲಿ ಆದದ್ದು ಬೇರೆ. ರಿಮೂವರ್‌ನಲ್ಲಿರುವ ಅಸಿಟೋನ್ ಅಂಟಿನ ಜೊತೆ ಡಬ್ಬಿಯ ಮೇಲ್ಪದರವನ್ನೂ ಕರಗಿಸಿ ಒರಟು ಮಾಡಿದೆ. ಬೆಳ್ಳಗೆ ಕಾಣುವುದು ಕೊಳೆಯಲ್ಲ, ತೊಳೆದರೆ ಹೋಗುವುದಿಲ್ಲ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಯಾವ ಅಂಕಿ ಇದೆ ನೋಡಿ ಹೇಳಿ.

ಮೈಸೂರಿನ_ಗೃಹಿಣಿ

ಅಸಿಟೋನ್ ಇಲ್ಲದ ರಿಮೂವರ್ ಅಂತ ಬರುತ್ತದಲ್ಲ, ಅದನ್ನು ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಸ್ಟೀಲಿಗೆ ನಾನು ಗ್ಯಾಸ್ ಮೇಲೆ ಹಿಡಿದುಬಿಡುತ್ತೇನೆ, ಸ್ಟಿಕ್ಕರ್ ಸಲೀಸಾಗಿ ಬರುತ್ತದೆ.

ಮಿಡಿಉಪ್ಪಿನಕಾಯಿ (ಶಿರಸಿ)

ಅಂಕಿ 6 ಇದೆ. ಮುಚ್ಚಳದಲ್ಲಿ 5.

ಲೇಬಲ್_ಪ್ರೆಸ್ (ಪೀಣ್ಯ)

6 ಅಂದರೆ ಪಾಲಿಸ್ಟೈರೀನ್, ಥರ್ಮಾಕೋಲಿನ ಒಡಹುಟ್ಟು. ಥರ್ಮಾಕೋಲ್ ಮೇಲೆ ಅಸಿಟೋನ್ ಬಿಟ್ಟರೆ ಕುಸಿದುಹೋಗುವುದನ್ನು ನೋಡಿರಬಹುದು. ಗೃಹಿಣಿ ಮೇಡಂ, ಅಸಿಟೋನ್ ಇಲ್ಲದ ರಿಮೂವರ್‌ನಲ್ಲಿ ಹೆಚ್ಚಾಗಿ ಈಥೈಲ್ ಅಸಿಟೇಟ್ ಇರುತ್ತದೆ, ಅದೂ ಪಾಲಿಸ್ಟೈರೀನನ್ನು ಬಿಡುವುದಿಲ್ಲ. ನೀಲಗಿರಿ ಎಣ್ಣೆಯೂ ಹಾಗೇ. ರಬ್ಬರ್ ಅಂಟಿಗೆ ಅದರಷ್ಟು ಒಳ್ಳೆಯದು ನಾನು ಕಂಡಿಲ್ಲ, ಗಾಜಿಗೆ ಧಾರಾಳವಾಗಿ ಬಳಸಿ, ಆದರೆ ಈ ಡಬ್ಬಿಯ ಹತ್ತಿರ ತರಬೇಡಿ. ಮುಚ್ಚಳದ 5 ಗಟ್ಟಿ ಜಾತಿ, ಸ್ಪಿರಿಟ್‌ಗೆ ಹೆದರಬೇಕಿಲ್ಲ.

6ರ ಡಬ್ಬಿಗೆ ಉಗುರುಬೆಚ್ಚಗಿನ ಸೋಪಿನ ನೀರು, ಬೆರಳು, ತಾಳ್ಮೆ. ಇನ್ನೊಂದು ಉಪಾಯವೂ ಇದೆ. ಅಗಲದ ಸೆಲ್ಲೋಟೇಪನ್ನು ಅಂಟಿನ ಮೇಲೆ ಒತ್ತಿ ಚಕ್ಕನೆ ಎಳೆಯಿರಿ. ಅಂಟಿಗೆ ಅಂಟೇ ಹಿಡಿದು ಸ್ವಲ್ಪ ಸ್ವಲ್ಪ ಕಿತ್ತು ಬರುತ್ತದೆ. 20 ಸಲ ಮಾಡಬೇಕಾಗಬಹುದು, ಆದರೆ ಡಬ್ಬಿಗೆ ಏನೂ ಆಗುವುದಿಲ್ಲ.

ಸ್ಟೀಲಿಗೆ ಶಾಖ ಕೊಡುವುದು ಸರಿಯಾದ ದಾರಿ. ಆದರೆ ಉರಿಗಿಂತ ಕುದಿಯುವ ನೀರು ವಾಸಿ. ಡಬ್ಬದ ಒಳಗೆ ಸ್ಟಿಕ್ಕರ್ ಇರುವ ಎತ್ತರದವರೆಗೆ ನೀರು ಸುರಿದು ಎರಡು ಮೂರು ನಿಮಿಷ ಬಿಡಿ. ಬಟ್ಟೆಯಲ್ಲಿ ಡಬ್ಬ ಹಿಡಿದು ಸ್ಟಿಕ್ಕರ್‌ನ ಒಂದು ಮೂಲೆ ಎಬ್ಬಿಸಿ, ಮೈಗೆ ಒರಗಿಸಿದಂತೆ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ. ಬಿಸಿಗೆ ಮೆತ್ತಗಾದ ಅಂಟು ಸ್ಟಿಕ್ಕರ್ ಜೊತೆಯೇ ಬರುತ್ತದೆ. ತಟ್ಟೆಯಾದರೆ ನೀರು ನಿಲ್ಲದು, ಆಗ ಸ್ಟಿಕ್ಕರ್ ಮೇಲ್ಮುಖವಾಗಿ ಇಟ್ಟು ಸಣ್ಣ ಉರಿಯಲ್ಲಿ 10 ಸೆಕೆಂಡ್. ಹೊಗೆ ಬಂದರೆ ಮಿತಿ ಮೀರಿತು ಎಂದೇ ಅರ್ಥ, ಅಂಟು ಸುಟ್ಟು ಕಂದು ಕಲೆಯಾಗಿ ಕೂರುತ್ತದೆ. ಅದನ್ನು ತೆಗೆಯಲು ಸ್ಟೀಲ್ ಉಜ್ಜು ಬೇಕಾಗುತ್ತದೆ, ಹೊಳಪು ಹೋಗುತ್ತದೆ. ಎರಡು ಪದರದ ಥರ್ಮಾಸ್ ಫ್ಲಾಸ್ಕನ್ನು ಮಾತ್ರ ಯಾವ ಕಾರಣಕ್ಕೂ ಉರಿಗೆ ಹಿಡಿಯಬಾರದು.

ಈ ಕುದಿಯುವ ನೀರನ್ನು ತಣ್ಣಗಿರುವ ಗಾಜಿನ ಬಾಟಲಿಗೆ ಸುರಿಯಬೇಡಿ, ಸೀಳುತ್ತದೆ.

ಮಿಡಿಉಪ್ಪಿನಕಾಯಿ (ಶಿರಸಿ)

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಒದ್ದೆ ಹತ್ತಿ ಇಟ್ಟಾಗ ಎಂಟರಲ್ಲಿ ಆರು ಬಾಟಲಿಯ ಅಂಟು ಹೇಳಿದ ಹಾಗೇ ಕೆನೆಬಣ್ಣಕ್ಕೆ ತಿರುಗಿತು. ಸ್ಯಾನಿಟೈಸರ್ ಹಚ್ಚಿ ಪ್ಲಾಸ್ಟಿಕ್ ಸುತ್ತಿ 10 ನಿಮಿಷಕ್ಕೆ ಎಟಿಎಂ ಕಾರ್ಡ್ ಹಾಕಿದರೆ ಸಿಪ್ಪೆಯಂತೆ ಎದ್ದು ಬಂತು. ಏಳನೆಯದಕ್ಕೆ ಎರಡು ಸಲ ಮಾಡಬೇಕಾಯಿತು. ಎಂಟನೆಯದು ಇನ್ನೂ ಹಾಗೇ ಇದೆ, ಹಳದಿಯಾಗಿ ಗಟ್ಟಿಯಾಗಿದೆ. ಸ್ಟೀಲ್ ಡಬ್ಬ ಒಂಬತ್ತೂ ಬಿಸಿನೀರಿಗೇ ಮುಗಿದವು.

ಹೊಸ ತೊಂದರೆ ಒಂದಿದೆ. ಎಣ್ಣೆಯಲ್ಲಿ ಸ್ವಚ್ಛ ಮಾಡಿದ ಬಾಟಲಿಗಳಿಗೆ ನನ್ನ ಲೇಬಲ್ ಅಂಟಿಸಿದೆ. ಮರುದಿನ ಮೂಲೆಗಳು ಎದ್ದು ನಿಂತಿವೆ. ಸ್ಪಿರಿಟ್‌ನಲ್ಲಿ ಮಾಡಿದವು ಚೆನ್ನಾಗಿವೆ.

ಲೇಬಲ್_ಪ್ರೆಸ್ (ಪೀಣ್ಯ)

ಕಣ್ಣಿಗೆ ಕಾಣದ ಎಣ್ಣೆಯ ಪದರ ಉಳಿದಿದೆ ಮೇಡಂ. ಪಾತ್ರೆ ತೊಳೆಯುವ ಸೋಪಿನಲ್ಲಿ ಬಿಸಿನೀರು ಹಾಕಿ ಎರಡು ಸಲ ತೊಳೆಯಿರಿ. ಆಮೇಲೆ ಬಾಟಲಿಯ ಮೇಲೆ ನೀರು ಬಿಟ್ಟು ನೋಡಿ. ನೀರು ಹನಿಹನಿಯಾಗಿ ಮುತ್ತುಗಟ್ಟಿದರೆ ಎಣ್ಣೆ ಇದೆ, ಇಡೀ ಮೈಗೆ ಹಾಳೆಯಂತೆ ಹರಡಿದರೆ ಹೋಗಿದೆ. ಒಣಗಿಸಿ, ಲೇಬಲ್ ಹಚ್ಚುವ ಜಾಗವನ್ನಷ್ಟೇ ಸ್ಪಿರಿಟ್‌ನಲ್ಲಿ ಒರಸಿ ಅಂಟಿಸಿ.

ಹಳದಿ ಗಟ್ಟಿಯಾದದ್ದು ಬಿಸಿಲಲ್ಲಿ ಕೂತು ಕೆಟ್ಟ ಅಂಟಿರಬೇಕು. ಅದು ಯಾವುದಕ್ಕೂ ಸರಿಯಾಗಿ ಕರಗುವುದಿಲ್ಲ. ಗಾಜಾದ್ದರಿಂದ ಕರಾವಳಿಯವರು ಹೇಳಿದ ಬ್ಲೇಡ್ ಇಲ್ಲಿ ಸರಿ. ಸೋಪಿನ ನೀರು ಹರಿಸುತ್ತಾ ಬ್ಲೇಡನ್ನು ಗಾಜಿಗೆ ಒರಗಿಸಿ ಒಂದೇ ಕಡೆಗೆ ತಳ್ಳಿ, ಬಾಟಲಿ ಟವೆಲ್ ಮೇಲಿರಲಿ.

ಕರಾವಳಿ_ಕಿಟಕಿ

ಬಾಟಲಿ ಅಂತ ಸರಿಯಾಗಿ ಓದದೆ ಬರೆದೆ, ಕ್ಷಮಿಸಿ. ಆದರೆ ಲೇಬಲ್ ಸರ್, ನನ್ನದು ಅರ್ಧವೇ ಮುಗಿದಿದೆ. ಗಾಜು ಸ್ವಚ್ಛವಾಯಿತು, ಬಿಳಿ ಯುಪಿವಿಸಿ ಚೌಕಟ್ಟಿನ ಮೇಲೆ ಅದೇ ಟೇಪಿನ ಗುರುತು ಇದೆ. ಬ್ಲೇಡ್ ಹಾಕಿದರೆ ಗೀರು ಬೀಳುತ್ತದೆ. ಸ್ಪಿರಿಟ್‌ನಲ್ಲಿ ಅಂಟು ಹೋಯಿತು, ಆದರೆ ಹಳದಿ ನೆರಳು ಉಳಿದಿದೆ.

ಲೇಬಲ್_ಪ್ರೆಸ್ (ಪೀಣ್ಯ)

ಅಸಿಟೋನ್ ಹಾಕಬೇಡಿ, ಪಿವಿಸಿ ಮೆತ್ತಗಾಗುತ್ತದೆ. ನೆರಳು ಚೌಕಟ್ಟಿನ ಒಳಕ್ಕೇ ಇಳಿದಿದ್ದರೆ ನನ್ನ ಬಳಿ ಉಪಾಯವಿಲ್ಲ. ಯುಪಿವಿಸಿ ಕಿಟಕಿ ಕೂರಿಸುವವರು ಯಾರಾದರೂ ಇಲ್ಲಿದ್ದರೆ ಹೇಳಲಿ.