ಸಹಾಯ ಬೇಕು: ಪ್ಯಾನಿಕ್ ಅಟ್ಯಾಕ್ ಮತ್ತೆ ಬರುತ್ತೇನೋ ಎಂಬ ಭಯ

ನನ್ನ ತಂಗಿಗೆ ಪ್ಯಾನಿಕ್ ಡಿಸಾರ್ಡರ್ ಇದೆ. ಇಸಿಜಿ, ಥೈರಾಯ್ಡ್ ಎಲ್ಲ ನಾರ್ಮಲ್. ಅಟ್ಯಾಕ್ ಬಂದರೂ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಆದರೆ ಮುಂದಿನದು ಯಾವಾಗ ಎಂಬ ಭಯ ದಿನವಿಡೀ ಬಿಡುವುದಿಲ್ಲ. ಪದೇ ಪದೇ ನಾಡಿ ಹಿಡಿದು ನೋಡುತ್ತಾಳೆ. ಮೆಟ್ಟಿಲು ಹತ್ತಿ ಎದೆ ಬಡಿತ ಜಾಸ್ತಿಯಾದರೂ 'ಶುರುವಾಯ್ತು' ಎಂದು ಹೆದರುತ್ತಾಳೆ. ಆ ಹೆದರಿಕೆಗೇ ಬಡಿತ ಇನ್ನೂ ಏರುತ್ತದೆ.

ಈ ಬಡಿತ ಅಪಾಯವಲ್ಲ ಎಂದು ಅವಳೇ ಕಂಡುಕೊಳ್ಳಲಿ ಅಂತ ಥೆರಪಿಸ್ಟ್ ಬೇಕೆಂದೇ 1 ನಿಮಿಷ ನಿಂತಲ್ಲೇ ಓಡಿಸುತ್ತಾರೆ. ಮನೆಯಲ್ಲೂ ಮಾಡಲು ಹೇಳಿದ್ದಾರೆ. ಇಲ್ಲಿ ನನ್ನ ಕೈ ಹಿಡಿದುಕೊಂಡೇ ಮಾಡುತ್ತಾಳೆ. ಹೀಗಾದರೆ 'ಅಕ್ಕ ಇದ್ದಳು, ಅದಕ್ಕೇ ಏನೂ ಆಗಲಿಲ್ಲ' ಅಂದುಕೊಳ್ಳುತ್ತಾಳೆ. ಭಯ ಹಾಗೇ ಉಳಿಯುತ್ತದೆ ಅಲ್ವಾ? ಇದನ್ನು ದಾಟಿದವರು ದಯವಿಟ್ಟು ಹೇಳಿ, ನಿಮ್ಮ ಮನೆಯವರು ಹೇಗೆ ನಿಧಾನವಾಗಿ ಹಿಂದೆ ಸರಿದರು? ಕೈ ಬಿಡಿಸಿಕೊಂಡರೆ ಅವಳು ಅಭ್ಯಾಸವನ್ನೇ ನಿಲ್ಲಿಸಿಬಿಡುತ್ತಾಳೇನೋ ಎಂಬ ಆತಂಕ ನನಗೆ.