ಪದಚರ್ಚೆ: ಖರೀದಿ ಒಪ್ಪಿಗೆಯ ಫ್ಲೋಚಾರ್ಟಿನಲ್ಲಿ ‘ಬಾಟಲ್‌ನೆಕ್’ ಅನ್ನು ಏನೆಂದು ಕರೆಯೋಣ?

ಪ್ರಶ್ನೆ

ನಮ್ಮಲ್ಲಿ ಖರೀದಿಯ ಇಂಡೆಂಟ್ ಒಪ್ಪಿಗೆಯಾಗಲು ಸುಮಾರು 11 ಕೆಲಸದ ದಿನ ಹಿಡಿಯುತ್ತದೆ. ಎಲ್ಲಿ ತಡವಾಗುತ್ತಿದೆ ಎಂದು ನೋಡಲು ಫ್ಲೋಚಾರ್ಟ್ ಬರೆದೆ. ಬೇಡಿಕೆ, ವಿಭಾಗದ ಮುಖ್ಯಸ್ಥರ ಸಹಿ, ಸ್ಟೋರ್, ಲೆಕ್ಕ ವಿಭಾಗ, ಮ್ಯಾನೇಜರ್, ಕೊನೆಗೆ ಖರೀದಿ ಆದೇಶ. ಪ್ರತಿ ಚೌಕದ ಕೆಳಗೆ ಎರಡು ಅಂಕಿ ಹಾಕಿದ್ದೇನೆ. ಒಂದು, ಕಾಗದವನ್ನು ಕೈಗೆತ್ತಿಕೊಂಡು ಕೆಲಸ ಮಾಡುವ ಹೊತ್ತು. ಇನ್ನೊಂದು, ಅದು ಟ್ರೇಯಲ್ಲಿ ಸುಮ್ನೆ ಕಾಯುವ ಹೊತ್ತು. ಲೆಕ್ಕ ವಿಭಾಗದಲ್ಲಿ ಕೆಲಸ 20 ನಿಮಿಷ, ಕಾಯುವುದು 3 ದಿನ. ಮ್ಯಾನೇಜರ್ ಹತ್ತಿರ ಕೆಲಸ 3 ನಿಮಿಷ, ಕಾಯುವುದು 5 ದಿನ.

ಹಾಗಾಗಿ ಮ್ಯಾನೇಜರ್ ಚೌಕಕ್ಕೆ ಕೆಂಪು ಬಳಿದು ‘ಅಡಚಣೆ’ ಎಂದು ಬರೆದೆ. ಅವರಿಗೆ ಬಹಳ ಬೇಜಾರಾಯಿತು. “ನಾನು ಯಾರಿಗೆ ಅಡ್ಡ ನಿಂತಿದ್ದೇನೆ?” ಎಂದು ಕೇಳಿದರು. ಬೇರೆ ಪದ ಇದೆಯಾ?

ಉತ್ತರ 1

‘ತಡೆ’ ಅಂತ ಬರೆಯಿರಿ ಮೇಡಂ. ಎಲ್ಲರಿಗೂ ಅರ್ಥವಾಗುತ್ತದೆ. ಅಡ್ಡಿ, ಅಡಚಣೆ, ತಡೆ ಎಲ್ಲ ಒಂದೇ. ಪರಿಹಾರವೂ ಒಂದೇ, ಸಹಿಗಳನ್ನು ಕಡಿಮೆ ಮಾಡಿ.

ಉತ್ತರ 2

ನನ್ನ ಪ್ರಕಾರ ಫ್ಲೋಚಾರ್ಟಿಗೆ ‘ಹರಿವುನಕ್ಷೆ’ ಒಳ್ಳೆಯದು. ‘ಪ್ರವಾಹ ನಕ್ಷೆ’ ಎಂದು ಮಾತ್ರ ಬರೆಯಬೇಡಿ. ಪ್ರವಾಹ ಎಂದ ಕೂಡಲೇ ಈಗ ಜನರಿಗೆ ನೆನಪಾಗುವುದು ನೆರೆ. ಸಾಗಿ ಬರುವ ಕಾಗದಗಳಲ್ಲ.

ಉತ್ತರ 3

ಮೇಡಂ ಕೇಳಿದ್ದು ಫ್ಲೋಚಾರ್ಟಿಗೆ ಪದ ಅಲ್ಲ, ಅಲ್ವಾ? ಆದರೂ ಹರಿವು ಎಂಬ ಮಾತು ಇಲ್ಲಿ ನೆರವಿಗೆ ಬರುತ್ತದೆ. ಚರಂಡಿಯಲ್ಲಿ ಕಸ ಸಿಕ್ಕಿಕೊಂಡರೆ ಅದು ಅಡಚಣೆ. ಕಸ ತೆಗೆದರೆ ಮುಗಿಯಿತು. ಚರಂಡಿಯೇ ಕಿರಿದಾಗಿದ್ದರೆ ತೆಗೆಯಲು ಅಲ್ಲಿ ಏನೂ ಇಲ್ಲ. ಅಗಲ ಮಾಡಬೇಕು, ಇಲ್ಲವೇ ಬರುವ ನೀರನ್ನು ಕಡಿಮೆ ಮಾಡಬೇಕು. ಬಾಟಲ್‌ನೆಕ್ ಅಂದರೆ ಈ ಎರಡನೆಯದು. ಅದಕ್ಕೆ ‘ಇಕ್ಕಟ್ಟು’ ಹತ್ತಿರದ ಪದ.

ಒಂದು ಮಾತು ಕೇಳುತ್ತೇನೆ. ಮ್ಯಾನೇಜರ್ ಎಷ್ಟು ದಿನಕ್ಕೊಮ್ಮೆ ಸಹಿ ಹಾಕುತ್ತಾರೆ? ಒಂದು ವಾರ ದಿನಾ ಸಂಜೆ ಅವರ ಟ್ರೇ, ಲೆಕ್ಕ ವಿಭಾಗದ ಟ್ರೇ ಎರಡರಲ್ಲೂ ಇರುವ ಕಾಗದ ಎಣಿಸಿ. ಕಾಯುವ ದಿನ ಜಾಸ್ತಿ ಇದ್ದ ಮಾತ್ರಕ್ಕೆ ಅದು ಇಕ್ಕಟ್ಟು ಆಗುವುದಿಲ್ಲ.

ಉತ್ತರ 4

ನಮ್ಮ ಗ್ರಂಥಾಲಯದಲ್ಲೂ ಇದೇ ಕಥೆ. ಪುಸ್ತಕ ಕೊಳ್ಳಲು ಮೂರು ಸಹಿ ಬೇಕಿತ್ತು. ಒಂದನ್ನು ತೆಗೆದೆವು. ಒಂದು ದಿನವೂ ಉಳಿಯಲಿಲ್ಲ! ಕಾಗದಗಳು ಮುಂದಿನ ಮೇಜಿಗೆ ಬೇಗ ತಲುಪಿ ಅಲ್ಲಿ ಕಾದವು, ಅಷ್ಟೆ. ಉತ್ತರ 1ರ ಸರ್ ಇದನ್ನು ಗಮನಿಸಬೇಕು.

ಕೇಳಿದವರು

ಎಣಿಸಿದೆ. ಮ್ಯಾನೇಜರ್ ಎರಡು ವಾರಕ್ಕೊಮ್ಮೆ ಒಟ್ಟಿಗೆ ಕೂತು ಸಹಿ ಹಾಕುತ್ತಾರೆ. ಆ ದಿನ ಸಂಜೆ ಅವರ ಟ್ರೇ ಪೂರ್ತಿ ಖಾಲಿ. ಲೆಕ್ಕ ವಿಭಾಗದ ಟ್ರೇ ಮಾತ್ರ ದಿನಕ್ಕೆ ಎರಡರಂತೆ ಬೆಳೆಯುತ್ತಿತ್ತು. ತಿಂಗಳ ಕೊನೆಗೆ ಅವರು ಹೊತ್ತು ಮೀರಿ ಕೂತು ಮುಗಿಸುತ್ತಾರಂತೆ. ಹತ್ತರಲ್ಲಿ ನಾಲ್ಕು ಕಾಗದ, ಖರ್ಚು ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ತಿಳಿಸುವ ಲೆಕ್ಕ ಶೀರ್ಷಿಕೆ ಬರೆದಿಲ್ಲ ಎಂದು ವಾಪಸ್ ಹೋಗಿ ಮತ್ತೆ ಬರುತ್ತವೆ. ಆ ಬಾಣವನ್ನು ನಾನು ಚಿತ್ರದಲ್ಲಿ ಹಾಕಿಯೇ ಇರಲಿಲ್ಲ.

ಉತ್ತರ 3

ಹಾಗಾದರೆ ನಿಮ್ಮ ಕೆಂಪು ಬಣ್ಣ ತಪ್ಪು ಚೌಕಕ್ಕೆ ಹೋಗಿದೆ. ಲೆಕ್ಕದವರಿಗೆ ದಿನಕ್ಕೆ ಎಷ್ಟು ಹೊಸ ಕಾಗದ ಬರುತ್ತವೆ, ಎಷ್ಟು ಗಂಟೆ ಸಿಗುತ್ತದೆ?

ಕೇಳಿದವರು

8 ಹೊಸವು. ಈ ಕೆಲಸಕ್ಕೆ 3 ಗಂಟೆ.

ಉತ್ತರ 3

3 ಗಂಟೆಯಲ್ಲಿ 20 ನಿಮಿಷದಂತೆ 9 ಕಾಗದ ನೋಡಬಹುದು. 8 ಹೊಸವು, ವಾಪಸ್ ಬಂದವು ಸುಮಾರು 3, ಒಟ್ಟು 11. ದಿನಕ್ಕೆ ಎರಡು ಉಳಿಯುತ್ತವೆ. ನೀವು ಎಣಿಸಿದ್ದೂ ಅಷ್ಟೇ. ಇಕ್ಕಟ್ಟು ಇಲ್ಲಿದೆ. ಶೀರ್ಷಿಕೆ ಖಾಲಿ ಬಿಟ್ಟ ಇಂಡೆಂಟನ್ನು ಮೊದಲ ಚೌಕದಲ್ಲೇ ಮುಂದೆ ಬಿಡಬೇಡಿ. ಆಗ 8 ಮಾತ್ರ ಬರುತ್ತವೆ, ಹೊಸ ಜನ ಬೇಕಿಲ್ಲ. ಆದರೆ ಎಚ್ಚರ, ಜನ ಸುಮ್ನೆ ಏನೋ ಒಂದು ಶೀರ್ಷಿಕೆ ತುಂಬಿ ಕಳಿಸಿದರೆ ವಾಪಸ್ ಹೋಗುವುದು ನಿಲ್ಲುವುದಿಲ್ಲ. ಶೀರ್ಷಿಕೆಗಳ ಪಟ್ಟಿ ಇಂಡೆಂಟಿನ ಮೇಲೇ ಇರಲಿ.

ಮ್ಯಾನೇಜರ್ ಹತ್ತಿರದ್ದು ಬರೀ ‘ಕಾಯುವಿಕೆ’. ವಾರಕ್ಕೆ ಎರಡು ದಿನ ಸಹಿ ಹಾಕಿದರೆ ಅದು ಒಂದು ದಿನದ ಆಸುಪಾಸಿಗೆ ಇಳಿಯುತ್ತದೆ. ವಾಪಸ್ ಬಾಣಕ್ಕೆ ‘ತೊಡಕು’ ಎನ್ನಬಹುದು. ದಾರ ಸುತ್ತಿಕೊಂಡ ಹಾಗೆಯೇ ಇದೆ ಅದು.

ಉತ್ತರ 5

‘ಇಕ್ಕಟ್ಟು’ ಬಗ್ಗೆ ನನಗೆ ಒಂದು ಅನುಮಾನ. “ಲೆಕ್ಕ ವಿಭಾಗ ಇಕ್ಕಟ್ಟಿನಲ್ಲಿದೆ” ಎಂದು ಓದಿದರೆ ಅವರು ಏನೋ ಪೇಚಿಗೆ ಸಿಕ್ಕಿದ್ದಾರೆ ಎಂದೇ ಅರ್ಥವಾಗುತ್ತದೆ. ‘ಇಕ್ಕಟ್ಟಾದ ಹಂತ’ ಎಂದರೆ ಆ ತೊಂದರೆ ಇಲ್ಲ. ಆಗ ಮಾತು ಮನುಷ್ಯರ ಮೇಲೂ ಬೀಳುವುದಿಲ್ಲ.

ಉತ್ತರ 1

ಎರಡು ಪದ ಆಯಿತಲ್ಲ. ಚೌಕದೊಳಗೆ ಹಿಡಿಸುವುದಿಲ್ಲ. ನಾನಾದರೆ ‘ಬಾಟಲ್‌ನೆಕ್’ ಎಂದೇ ಬಿಡುತ್ತೇನೆ.

ಕೇಳಿದವರು

ಸದ್ಯಕ್ಕೆ ‘ಇಕ್ಕಟ್ಟಾದ ಹಂತ’ ಎಂದು ಬರೆದು ಚಿತ್ರ ತಿದ್ದಿದ್ದೇನೆ. ಮ್ಯಾನೇಜರ್ ಚೌಕದ ಕೆಂಪು ತೆಗೆದೆ. ಲೆಕ್ಕದವರಿಗೆ ತೋರಿಸಿದಾಗ “ಇದು ನಮ್ಮ ತಪ್ಪು ಅಂತ ಅಲ್ಲ ತಾನೇ?” ಎಂದು ಕೇಳಿದರು. ಅಲ್ಲ ಎಂದೆ. ವಾಪಸ್ ಬಾಣಕ್ಕೆ ‘ತೊಡಕು’ ಹಾಕಿಲ್ಲ. ಎಲ್ಲರೂ ‘ವಾಪಸ್’ ಎನ್ನುತ್ತಾರೆ, ಅದನ್ನೇ ಬರೆದೆ. ಚೌಕದಲ್ಲಿ ಹಿಡಿಸುವ ಒಂದೇ ಪದ ಯಾರಿಗಾದರೂ ಹೊಳೆದರೆ ತಿಳಿಸಿ.